ಗಡಿ ಕನ್ನಡ ಕೆಟ್ಟಿಲ್ಲ, ಪಕ್ಕದ ಮರಾಠಿಯನ್ನೂ ಕೇಳಿ ನೋಡಿ

ಮಾನ್ಯ ಸಂಪಾದಕರೇ,

ಗಡಿಭಾಗದ ಮಕ್ಕಳು ‘ಇದು ನಮ್ಮ ಮನಿ ಐತಿ’ ಎನ್ನುತ್ತಾರೆ, ಮರಾಠಿಯ ಸಹವಾಸದಿಂದ ಕನ್ನಡ ಕೆಟ್ಟಿದೆ ಎಂದು ಓದುಗರೊಬ್ಬರು ಈಚೆಗೆ ಬರೆದಿದ್ದರು. ‘ಇದು ನಮ್ಮ ಮನೆ’ ಎಂದರೆ ಸಾಕು, ಆ ‘ಐತಿ’ ಬೇಕಿಲ್ಲ ಎಂಬುದು ನಿಜ. ಮರಾಠಿಯಲ್ಲಿ ಅಲ್ಲಿ ‘ಆಹೇ’ ಬರಲೇಬೇಕು. ನಾನೂ ಎಷ್ಟೋ ವರ್ಷ ಅದಕ್ಕೆ ಕೆಂಪು ಶಾಯಿ ಹಾಕಿದವನೇ. ಆದರೆ ಅವರು ಹೇಳಿದ್ದು ಅರ್ಧ ಕತೆ.

ಉಳಿದರ್ಧ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯಲ್ಲಿದೆ. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಇದರ ಬಗ್ಗೆ ಬರೆದರು. ಆಗ ಅಲ್ಲಿ ಸುಮಾರು 3,000 ಜನ. ಜೈನರು, ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತರದು ಮರಾಠಿ. ಎಲೆ ಕೊಯ್ದು ತಂದೆ ಎನ್ನುವುದನ್ನು ಮೂವರೂ ಹೇಗೆ ಹೇಳುತ್ತಿದ್ದರು ನೋಡಿ. ಉರ್ದು: ‘ಪಾಲಾ ಜರಾ ಕಾಟ್ ಕೇ ಲೇ ಕೇ ಆಯಾ’. ಮರಾಠಿ: ‘ಪಾಲಾ ಜರಾ ಕಾಪೂನ್ ಘೇಊನ್ ಆಲೋ’. ಕನ್ನಡ, ನಮ್ಮ ಕಿವಿಗೆ ಹೊಂದುವಂತೆ ಬರೆದರೆ: ‘ತಪ್ಲ ಜರಾ ಕೊಯ್ದ್ ತಗೊಂಡ್ ಬಂದೆ’. ಪದ ಬೇರೆ ಬೇರೆ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟುಕೊಂಡು ಹೋದರೆ ವಾಕ್ಯ ಹಾಗೇ ಕೂಡುತ್ತದೆ!

ಕೊಟ್ಟವರು ಬರೀ ಮರಾಠಿಯವರಲ್ಲ. ಉರ್ದುವಿನಲ್ಲಿ ನದಿ ಹೆಣ್ಣು, ‘ನದೀ ಆಯೀ’ ಎನ್ನಬೇಕು. ಕುಪ್ವಾರಿನ ಉರ್ದುವಿನಲ್ಲಿ ‘ಆಯಾ’. ಅಲ್ಲಿನ ಮರಾಠಿಯಲ್ಲೂ ನದಿಯ ಹೆಣ್ತನ ಹೋಗಿದೆ. ಮನುಷ್ಯರಿಗೆ ಮಾತ್ರ ಗಂಡು–ಹೆಣ್ಣು, ಮಿಕ್ಕದ್ದೆಲ್ಲ ಬೇರೆ ಗುಂಪು. ಇದು ಅಪ್ಪಟ ಕನ್ನಡದ ಲೆಕ್ಕ, ಅಲ್ವಾ? ಪುಣೆಯವರು ಕೇಳಿದರೆ ಮರಾಠಿ ಕೆಟ್ಟಿತು ಎಂದು ಅವರೂ ಪತ್ರ ಬರೆದಾರು.

ಹಾಗಾದರೆ ಮೂರೂ ಸೇರಿ ಒಂದೇ ಭಾಷೆ ಯಾಕೆ ಆಗಲಿಲ್ಲ? ಹೊಲದಲ್ಲಿ, ಅಂಗಡಿಯಲ್ಲಿ ದಿನವೂ ಒಂದು ಮಾತಿನಿಂದ ಇನ್ನೊಂದಕ್ಕೆ ಹೊರಳಬೇಕು. ವಾಕ್ಯದ ಅಚ್ಚು ಒಂದೇ ಇದ್ದರೆ ಆ ಕೆಲಸ ಸಲೀಸು. ಮನೆಯೊಳಗೆ ಮಾತ್ರ ತಂತಮ್ಮವರ ಜೊತೆ ತಂತಮ್ಮ ಭಾಷೆ, ಅದೇ ನಾವು ಯಾರು ಎಂಬುದರ ಗುರುತು. ಅದಕ್ಕೇ ಪದಗಳು ಬೇರೆಯಾಗಿಯೇ ಉಳಿದವು.

ಹೋಲಿಕೆ ಕಂಡ ತಕ್ಷಣ ಭಾಷೆಗಳೆಲ್ಲ ಒಂದೇ ತಾಯಿಯ ಮಕ್ಕಳು ಎನ್ನಲೂ ಆಗದು. ಎಣಿಕೆ ಕೇಳಿದರೆ ಸಾಕು. ನಮ್ಮ ‘ಎರಡು’ ತಮಿಳಿನ ‘ಇರಂಡು’ ಕಡೆಗೆ, ಮರಾಠಿಯ ‘ದೋನ್’ ಉರ್ದುವಿನ ‘ದೋ’ ಕಡೆಗೆ. ಹಾಗೆಯೇ ಯಾವುದು ನೆರೆಯಿಂದ ಬಂದದ್ದು ಎಂದು ಗೊತ್ತಾಗಬೇಕಾದರೆ, ಅದೇ ಭಾಷೆಯನ್ನು ಗಡಿಯಿಂದ ದೂರ ಆಡುವವರ ಮಾತಿನ ಜೊತೆ ಇಟ್ಟು ನೋಡಬೇಕು. ಕುಪ್ವಾರಿನ ‘ಐತಿ’ಯನ್ನು ಮೈಸೂರಿನ ಜೊತೆ, ‘ಆಯಾ’ವನ್ನು ಲಖನೌ ಜೊತೆ. ಸುಮ್ನೆ ಒಂದು ‘ಐತಿ’ ಹಿಡಿದುಕೊಂಡು ತೀರ್ಪು ಕೊಟ್ಟರೆ ಆಗಲಿಲ್ಲ.

ಆ ಬರಹ ಬಂದು ಐವತ್ತು ವರ್ಷ ದಾಟಿದೆ. ಜತ್ತ, ಮಿರಜ ಕಡೆಯ ಓದುಗರು ತಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಈಗ ಏನು ಹೇಳುತ್ತಾರೆ ಎಂದು ಈ ಅಂಕಣಕ್ಕೆ ಬರೆಯಲಿ. ಮರಾಠಿಯವರ ‘ನದಿ’ಯನ್ನೂ ಮರೆಯದೆ ಕೇಳಿ.

– ನಿವೃತ್ತ ಕನ್ನಡ ಮಾಸ್ತರ್, ಅಥಣಿ