ಅಡಿಗೆ ಕಾಂಟ್ರಾಕ್ಟ್‌ನವರಿಗೆ ಕೊಟೇಶನ್ ಕೇಳೋ ಮುಂಚೆ ಇದನ್ನ ಓದು

ಚಿರಂಜೀವಿ ಪುಟ್ಟುಗೆ ದೊಡ್ಡಮ್ಮನ ಆಶೀರ್ವಾದಗಳು.

ಅಕ್ಕನ ಮದುವೆ ಓಡಾಟ ಎಲ್ಲಾ ನೀನೇ ಮಾಡ್ತಿದೀಯ ಅಂತ ನಿಮ್ಮಮ್ಮ ಹೇಳಿದ್ಳು, ತುಂಬಾ ಸಂತೋಷ ಆಯ್ತು ಕಣೋ. ನೀನು ಅಡಿಗೆಯವರಿಗೆ ಹಾಕಿದ್ದ ಮೆಸೇಜ್ ಕೂಡ ತೋರಿಸಿದ್ಳು, "ನವೆಂಬರ್‌ನಲ್ಲಿ ಮದುವೆ ಇದೆ, ಒಂದು ಎಲೆಗೆ ಎಷ್ಟು?" ಅಂತ. ಅದಕ್ಕೆ ಒಬ್ರು 280 ಅಂದಿದಾರೆ, ಒಬ್ರು 420 ಅಂದಿದಾರೆ, ಇನ್ನೊಬ್ರು "ಬಂದು ಮಾತಾಡಿ ಸಾರ್" ಅಂತ ಬಿಟ್ಟಿದಾರೆ. 280ರವರು ಕಮ್ಮಿ ಅಂತ ಫಿಕ್ಸ್ ಮಾಡೋಕೆ ಹೋಗ್ಬೇಡ ಮಗಾ. ಅವರು ನೀರಿನ ಬಾಟಲಿ, ಐಸ್‌ಕ್ರೀಮ್, ಬೀಡ ಬಿಟ್ಟು ಹೇಳಿರಬಹುದು, 420ರವರು ಎಲ್ಲಾ ಸೇರಿಸಿ ಹೇಳಿರಬಹುದು, ನೀನು ಏನು ಬೇಕು ಅಂತ ಹೇಳೇ ಇಲ್ವಲ್ಲ, ಮತ್ತೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು ಹೇಗೆ?

ಮೊದಲು ತಾರೀಕು. ಮದುವೆ ಅಂದ್ರೆ ಒಂದು ಊಟ ಅಲ್ಲ. ನಮ್ಮದು 21 ಶನಿವಾರ ಸಂಜೆ ರಿಸೆಪ್ಷನ್, 22 ಭಾನುವಾರ ಬೆಳಗ್ಗೆ ತಿಂಡಿ, ಮಧ್ಯಾಹ್ನ ಮುಹೂರ್ತದ ಊಟ, ಅಲ್ಲಿಗೆ ಮೂರು. ತಾರೀಕಿನ ಜೊತೆ ವಾರ, ಎಷ್ಟು ಗಂಟೆಗೆ ಮೊದಲ ಪಂಕ್ತಿ ಕೂರಬೇಕು, ಛತ್ರ ಯಾವುದು ಅಂತ ಬರಿ. ಛತ್ರದವರ ಹತ್ರ ಎರಡು ವಿಷಯ ಮೊದಲೇ ಕೇಳಿಕೋ, ಹೊರಗಿನ ಅಡಿಗೆಯವರನ್ನ ಬಿಡ್ತಾರಾ, ಬಿಟ್ರೆ ಅದಕ್ಕೆ ಬೇರೆ ದುಡ್ಡು ಕೇಳ್ತಾರಾ ಅಂತ. ಕೆಲವು ಕಡೆ ಅವರದ್ದೇ ಕಾಂಟ್ರಾಕ್ಟರ್ ಆಗಬೇಕು ಅಂತಾರೆ, ಆಗ ನೀನು ತರಿಸಿದ ಕೊಟೇಶನ್ ಎಲ್ಲಾ ವೇಸ್ಟ್. ಊಟದ ಹಾಲಲ್ಲಿ ಒಂದು ಸಲಕ್ಕೆ ಎಷ್ಟು ಜನ ಕೂರ್ತಾರೆ ಅನ್ನೋದೂ ಬೇಕು. 100 ಜನ ಕೂರೋ ಹಾಲಲ್ಲಿ 300 ಜನ ಅಂದ್ರೆ ಮೂರು ಪಂಕ್ತಿ, ಅದಕ್ಕೆ ಎಷ್ಟು ಜನ ಬಡಿಸೋರು ಬೇಕು ಅಂತ ಅವರು ಲೆಕ್ಕ ಹಾಕೋದು ಅದರ ಮೇಲೇನೇ.

ಆಮೇಲೆ ಜನದ ಲೆಕ್ಕ, ದುಡ್ಡು ಸೋರೋದು ಇಲ್ಲೇ. ಕಾರ್ಡ್ ಎಷ್ಟು ಹಂಚಿದೀವಿ ಅನ್ನೋ ನಂಬರ್ ಅಡಿಗೆಯವರಿಗೆ ಬೇಡ, ಯಾವ ಊಟಕ್ಕೆ ಎಷ್ಟು ಜನ ಅನ್ನೋದು ಬೇಕು. ರಿಸೆಪ್ಷನ್‌ಗೆ ಆಫೀಸಿನವರು, ಅಕ್ಕಪಕ್ಕದವರು ಎಲ್ಲಾ ಬರ್ತಾರೆ, ಬೆಳಗ್ಗೆ ತಿಂಡಿಗೆ ಛತ್ರದಲ್ಲಿ ಉಳಿದವರು ಮತ್ತು ಹತ್ತಿರದ ನೆಂಟರು ಅಷ್ಟೇ. ಪುರೋಹಿತರು, ವಾಲಗದವರು, ಫೋಟೋದವರು, ಡ್ರೈವರ್‌ಗಳು ಊಟ ಮಾಡ್ತಾರಲ್ಲ, ಅವರನ್ನೂ ಸೇರಿಸು.

ಅಡಿಗೆಯವರು ಮಿನಿಮಮ್ ಗ್ಯಾರಂಟಿ ಅಂತ ಒಂದು ನಂಬರ್ ಕೇಳ್ತಾರೆ. 300 ಅಂತ ಒಪ್ಪಿಕೊಂಡ್ರೆ 240 ಜನ ಬಂದ್ರೂ 300ಕ್ಕೆ ದುಡ್ಡು ಕೊಡಬೇಕು, ಜಾಸ್ತಿ ಬಂದ್ರೆ ಎಲೆ ಎಣಿಸಿ ತಗೋತಾರೆ. ಅದಕ್ಕೇ ಗ್ಯಾರಂಟಿ ಸ್ವಲ್ಪ ಕಮ್ಮಿ ಹೇಳಿ, ಇಷ್ಟರ ತನಕ ಜಾಸ್ತಿ ಆಗಬಹುದು ಅಂತ ಮೇಲಿನ ನಂಬರನ್ನೂ ಬರಿ. ಕೊನೆ ನಂಬರ್ ಎಷ್ಟು ದಿನ ಮುಂಚೆ ಹೇಳಬೇಕು ಅಂತ ಕೇಳು. ಎಲೆ ಹಾಕಿ ಜನ ಕೂರದೇ ಇದ್ರೆ ಅದನ್ನೂ ಎಣಿಸ್ತಾರಾ, ಅದನ್ನೂ ಕೇಳು, ಕೊನೆ ಪಂಕ್ತಿಲಿ ಇದು ಆಗೇ ಆಗತ್ತೆ. ಬಫೆದು ಇನ್ನೊಂದು ತರ, ಅಲ್ಲಿ ಪ್ಲೇಟ್ ಎಣಿಸ್ತಾರೆ, ಜನ ಒಂದು ಪ್ಲೇಟ್ ಇಟ್ಟು ಇನ್ನೊಂದು ತಗೊಂಡ್ರೆ ಎರಡಾಯ್ತು. ನಮ್ಮ ಕಡೆಯಿಂದ ಒಬ್ರು ನಿಂತು ಲೆಕ್ಕ ಹಿಡೀತಾರೆ ಅಂತ ಮೆಸೇಜಲ್ಲೇ ಹೇಳಿಬಿಡು.

ಬೇಕಾದ್ದರ ಪಟ್ಟಿಲಿ ಬಿಡೋಕಾಗದ ಐಟಂ ಮಾತ್ರ ಬರಿ, ಉಳಿದದ್ದು ಅವರಿಗೇ ಬಿಡು, ಅವರೇ ಚೆನ್ನಾಗಿ ಸಜೆಸ್ಟ್ ಮಾಡ್ತಾರೆ. ಒಬ್ಬಟ್ಟು ಅಂತ ಬರೆದ್ರೆ ಎಲೆಗೆ ಒಂದಾ, ಕೇಳಿದಷ್ಟಾ ಅಂತನೂ ಬರಿ. ಎಲೆಗೆ ಒಂದೇ ಅಂತ ಲೆಕ್ಕ ಹಾಕಿ ಕಮ್ಮಿ ರೇಟ್ ಹೇಳೋರಿದಾರೆ, ಪಂಕ್ತಿಲಿ ಬೀಗರು ಇನ್ನೊಂದು ಕೇಳಿದಾಗ ಇಲ್ಲ ಅನ್ನಿಸಿಕೊಳ್ಳೋ ಹಾಗಾಗಬಾರದು ನೋಡು.

ಬಜೆಟ್ ಹೇಳಿದ್ರೆ ಅಷ್ಟಕ್ಕೇ ರೇಟ್ ಏರಿಸ್ತಾರೆ ಅಂತ ನಿಮ್ಮಪ್ಪ ಅಂತಾರೆ. ಆ ಭಯ ಸುಳ್ಳಲ್ಲ, ಆದ್ರೆ ಹೇಳದೇ ಇದ್ರೆ ಅವರು ತಮ್ಮ ದೊಡ್ಡ ಮೆನುನೇ ಕಳಿಸ್ತಾರೆ, ಆಮೇಲೆ ಒಂದೊಂದೇ ಐಟಂ ಕಿತ್ತು ಹಾಕ್ತಾ ಕೂರಬೇಕು. ಇಂತಿಷ್ಟರಿಂದ ಇಂತಿಷ್ಟು ಅಂತ ಹೇಳಿ, ಎರಡೂ ರೇಟಿಗೆ ಎರಡು ಮೆನು ಕೇಳು, ಜಾಸ್ತಿ ದುಡ್ಡಿಗೆ ಏನು ಜಾಸ್ತಿ ಸಿಗತ್ತೆ ಅಂತ ಕಣ್ಣಿಗೇ ಕಾಣತ್ತೆ. ನಾನೇ ಒಂದು ಮೆಸೇಜ್ ಬರೆದಿದೀನಿ ನೋಡು, ಮೈಸೂರಿನ ಪಕ್ಕ ಛತ್ರದ ಹೆಸರು ಮಾತ್ರ ನೀನು ಸೇರಿಸು:

"ನಮಸ್ಕಾರ. 2026 ನವೆಂಬರ್ 21 ಶನಿವಾರ, 22 ಭಾನುವಾರ ಮೈಸೂರಿನಲ್ಲಿ ನಮ್ಮ ಅಕ್ಕನ ಮದುವೆ, ಸಸ್ಯಾಹಾರಿ ಅಡಿಗೆ. ಶನಿವಾರ ಸಂಜೆ 7ಕ್ಕೆ ರಿಸೆಪ್ಷನ್ ಬಫೆ, ಗ್ಯಾರಂಟಿ 400, 450ರ ತನಕ ಆಗಬಹುದು, ಪ್ಲೇಟಿಗೆ 325ರಿಂದ 375. ಭಾನುವಾರ ಬೆಳಗ್ಗೆ 7.30ಕ್ಕೆ ತಿಂಡಿ 150 ಜನ, ಪ್ಲೇಟಿಗೆ 100ರಿಂದ 125. ಮಧ್ಯಾಹ್ನ 12ಕ್ಕೆ ಬಾಳೆ ಎಲೆ ಊಟ, ಗ್ಯಾರಂಟಿ 260, 300ರ ತನಕ ಆಗಬಹುದು, ಎಲೆಗೆ 300ರಿಂದ 350. ಹಾಲಲ್ಲಿ ಒಂದು ಪಂಕ್ತಿಗೆ 100 ಜನ. ಮಧ್ಯಾಹ್ನಕ್ಕೆ ಎರಡು ಕೋಸಂಬರಿ, ಎರಡು ಪಲ್ಯ, ಹುಳಿ, ಸಾರು, ತುಪ್ಪದ ಜೊತೆ ಒಬ್ಬಟ್ಟು ಕೇಳಿದಷ್ಟು, ಪಾಯಸ ಬೇಕೇ ಬೇಕು. ಕಮ್ಮಿ ರೇಟಿಗೆ ಒಂದು, ಜಾಸ್ತಿ ರೇಟಿಗೆ ಒಂದು ಮೆನು ಬರೆದು ಕಳಿಸಿ. ನೀರು, ಎಲೆ, ಬಡಿಸೋರು, ಪಾತ್ರೆ, ಗ್ಯಾಸ್, ಕ್ಲೀನಿಂಗ್, ಸಾಗಾಣಿಕೆ, ಜಿಎಸ್‌ಟಿ ಇದರಲ್ಲಿ ಯಾವುದು ಸೇರಿದೆ, ಯಾವುದು ಬೇರೆ ಅಂತ ಹೇಳಿ. ಅಡ್ವಾನ್ಸ್ ಎಷ್ಟು, ಕೊನೆ ನಂಬರ್ ಯಾವಾಗ ಹೇಳಬೇಕು, ಜನ ಕೂರದ ಎಲೆನೂ ಎಣಿಸ್ತೀರಾ ತಿಳಿಸಿ. ನಮ್ಮ ಕಡೆಯಿಂದ ಒಬ್ರು ನಿಂತು ಲೆಕ್ಕ ಹಿಡೀತಾರೆ."

ಜಿಎಸ್‌ಟಿ ಯಾಕೆ ಒತ್ತಿ ಕೇಳಿದೀನಿ ಅಂದ್ರೆ, ಜಾಸ್ತಿ ಜನ, ಜಾಸ್ತಿ ರೇಟ್ ಹಿಡಿದು ಲೆಕ್ಕ ಹಾಕು, 450ಕ್ಕೆ 375ರಂತೆ 1,68,750, ತಿಂಡಿ 18,750, ಮಧ್ಯಾಹ್ನ 1,05,000, ಎಲ್ಲಾ ಸೇರಿ 2,92,500. ನಿಮ್ಮಪ್ಪ ಇಟ್ಟಿರೋ ಮೂರು ಲಕ್ಷದೊಳಗೇ ಆಯ್ತು ಅನ್ಸತ್ತೆ, ಆದ್ರೆ ಅದರ ಮೇಲೆ 5 ಪರ್ಸೆಂಟ್ ಅಂದ್ರೆ 14,625, ಅಲ್ಲಿಗೆ 3,07,125 ಆಗಿ ಮೂರು ದಾಟೋಯ್ತು. ಅದಕ್ಕೇ ಟ್ಯಾಕ್ಸ್ ಸೇರಿಸಿದ ಒಟ್ಟು ಮೊತ್ತನೇ ಬರೆಸಿಕೋ.

ಮೂರೂ ಜನಕ್ಕೆ ಇದೇ ಮೆಸೇಜ್ ಕಳಿಸು, ಒಂದಕ್ಷರನೂ ಬದಲಾಯಿಸಬೇಡ. ಫೋನಲ್ಲಿ ರೇಟ್ ಹೇಳಿದ್ರೆ "ಇದನ್ನೇ ವಾಟ್ಸಾಪಲ್ಲಿ ಹಾಕಿ ಸಾರ್" ಅಂತ ಮರ್ಯಾದೆಯಾಗಿ ಕೇಳು, ಕಾಂಟ್ರಾಕ್ಟ್ ಮಾಡೋರು ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಬಿಡಿಸಿ ಬರೆದು ಕಳಿಸೋದಕ್ಕೇ ಸತಾಯಿಸೋರನ್ನ ಬಿಟ್ಟುಬಿಡು.

ಫೋಟೋದವರಿಗೂ ಹೀಗೇ, ಆದ್ರೆ ಅಲ್ಲಿ ಜನಕ್ಕಿಂತ ಎಷ್ಟು ಗಂಟೆ ಕೆಲಸ, ಎಷ್ಟು ಕ್ಯಾಮೆರಾ, ಆಲ್ಬಂಗೆ ಎಷ್ಟು ಶೀಟು, ಎಡಿಟ್ ಮಾಡದ ಫೋಟೋ ಎಲ್ಲಾ ಕೊಡ್ತಾರಾ ಅಂತ ಕೇಳಬೇಕು.

ಉತ್ತರ ಬಂದ ತಕ್ಷಣ ಮೂರನ್ನೂ ನನಗೆ ಫಾರ್ವರ್ಡ್ ಮಾಡು. ಅವರು ಈ ವಾರದಲ್ಲಿ ಬೇರೆ ಯಾವುದಾದ್ರೂ ಮದುವೆಗೆ ಅಡಿಗೆ ಮಾಡ್ತಿದ್ರೆ ಒಂದು ಸಲ ಹೋಗಿ ಸಾರು, ಪಲ್ಯ ರುಚಿ ನೋಡಿ ಬರೋಣ, ನಾನೂ ಬರ್ತೀನಿ.

ನಿನ್ನ ದೊಡ್ಡಮ್ಮ