ದೂರು: ನಿಮ್ಮ ರಿಪ್ಲೇ ಕಿಟ್ ನಿಮ್ಮದೇ ಮ್ಯಾನುಯಲ್ ಓದಿಲ್ಲ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ರಿಪ್ಲೇ ದಾರಿ ತಪ್ಪುತ್ತಿರುವುದು, ಮತ್ತು ಸರಿಹೋಗದ ಟಿಕೆಟ್ ಅನ್ನು "ಬಗೆಹರಿದಿದೆ" ಎಂದು ಮುಚ್ಚಿರುವುದು

ಮಾನ್ಯರೇ,

ಫೋನ್ ಮಾಡಿ ಹೇಳಿದ್ದಾಯ್ತು, ಟಿಕೆಟ್ ಹಾಕಿದ್ದಾಯ್ತು, ವಿಡಿಯೋ ಕಾಲ್‌ನಲ್ಲಿ ನಗುನಗುತ್ತಾ ವಿವರಿಸಿದ್ದೂ ಆಯ್ತು. ನೀವು ಒಂದು ಪ್ಯಾಚ್ ಕಳಿಸಿ, ನಮ್ಮನ್ನು ಒಂದು ಮಾತೂ ಕೇಳದೆ ಟಿಕೆಟ್ ಮುಚ್ಚಿದಿರಿ. ಹಾಗಾಗಿ ಈ ಪತ್ರ. ಆದಷ್ಟು ಸಮಾಧಾನದಿಂದ ಬರೆಯಲು ಪ್ರಯತ್ನಿಸುತ್ತೇನೆ.

ನಮ್ಮದು ಓಡಿ, ಜಿಗಿದು, ಗುರಿ ಮುಟ್ಟುವ ಆಟ. ಪಟ್ಟಿಯಲ್ಲಿ ಮೊದಲಿರುವವರ ಓಟ ಘೋಸ್ಟ್ ಆಗಿ ಕಾಣಿಸಬೇಕು, ಉಳಿದವರು ಅದರ ಜೊತೆ ಸ್ಪರ್ಧಿಸಬೇಕು. ನಿಮ್ಮ ಕಿಟ್ ಕೊಂಡಿದ್ದೇ ಇದಕ್ಕೆ. ಈಗ ಆಗುತ್ತಿರುವುದೇನು? ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವ ಆಟಗಾರನ ಘೋಸ್ಟ್ ಮೂರನೇ ಕಟ್ಟೆ ಹತ್ತಲಾಗದೆ ಹಳ್ಳಕ್ಕೆ ಬೀಳುತ್ತದೆ. ಸತ್ತ ಮೇಲೂ ಖಾಲಿ ಜಾಗದಲ್ಲಿ ಎಡಕ್ಕೆ ಬಲಕ್ಕೆ ಒದ್ದಾಡುತ್ತದೆ, ಯಾಕಂದ್ರೆ ಫೈಲ್‌ನಲ್ಲಿ ಇನ್ನೂ ಬಟನ್ ಒತ್ತಿದ ದಾಖಲೆ ಬಾಕಿ ಇರುತ್ತದೆ. ನೋಡಿದವರೆಲ್ಲ ಆ ಹುಡುಗನನ್ನು ಮೋಸಗಾರ ಅಂತಿದ್ದಾರೆ. ಅವನು ಮಾಡಿದ ತಪ್ಪು ಚೆನ್ನಾಗಿ ಆಡಿದ್ದು ಮಾತ್ರ.

ನಿಮ್ಮ ಮ್ಯಾನುಯಲ್‌ನಲ್ಲಿ "ರಿಪ್ಲೇ ಬಳಸುವವರು ಪಾಲಿಸಬೇಕಾದ ನಿಯಮಗಳು" ಅಂತ ಒಂದು ಅಧ್ಯಾಯವೇ ಇದೆ. ಒಳ್ಳೆಯ ಅಧ್ಯಾಯ. ರಿಪ್ಲೇ ಫೈಲ್‌ನಲ್ಲಿ ಚಿತ್ರ ಇರುವುದಿಲ್ಲ, ಯಾವಾಗ ಯಾವ ಬಟನ್ ಒತ್ತಿದರು ಅನ್ನುವುದಷ್ಟೇ ಇರುತ್ತದೆ, ಅದನ್ನಿಟ್ಟುಕೊಂಡು ಆಟವನ್ನು ಮೊದಲಿನಿಂದ ಮತ್ತೆ ನಡೆಸುತ್ತೇವೆ ಅಂತ ನೀವೇ ಬರೆದಿದ್ದೀರಿ. ಆದ್ದರಿಂದ ಟೈಮ್ ಸ್ಟೆಪ್ ಬದಲಾಗಬಾರದು, ಸೀಡ್ ಕೊಡದ ರ್ಯಾಂಡಮ್ ಬಳಸಬಾರದು ಅಂತ ದಪ್ಪ ಅಕ್ಷರದಲ್ಲಿ ಎಚ್ಚರಿಸಿದ್ದೀರಿ. ನಾವು ಎರಡನ್ನೂ ಪಾಲಿಸಿದ್ದೇವೆ. ಪಾಲಿಸದವರು ಯಾರು ಅಂದರೆ ನಿಮ್ಮ ಕಿಟ್‌ನ ಒಳಗಿನ ಆಟಗಾರ ಮತ್ತು ಶತ್ರುವಿನ ಕೋಡ್. ಅದರ ಸಾರ ಇಷ್ಟು:

```
// ಪ್ರತಿ ಫ್ರೇಮ್‌ಗೂ ಒಮ್ಮೆ
float dt = now() - lastFrame;
velY -= 10 * dt;
y    += velY * dt;
if (random() < 0.5 * dt) throwRock();
```

ಮೊದಲು ಜಿಗಿತ ನೋಡೋಣ. ನಿಮ್ಮ ಕಿಟ್‌ನಲ್ಲಿ ಜಿಗಿತದ ವೇಗ ಸೆಕೆಂಡಿಗೆ 10 ಮೀಟರ್. ಶಾಲೆಯ ಲೆಕ್ಕದ ಪ್ರಕಾರ ಎತ್ತರ 5 ಮೀಟರ್ ಬರಬೇಕು. ಆದರೆ ಇಲ್ಲಿ ವೇಗವನ್ನು ಮೊದಲು ಕಡಿಮೆ ಮಾಡಿ ಆಮೇಲೆ ಸ್ಥಾನಕ್ಕೆ ಕೂಡಿಸುವುದರಿಂದ ಎತ್ತರ ಸ್ವಲ್ಪ ಕಡಿಮೆಯಾಗುತ್ತದೆ, ಮತ್ತು ಎಷ್ಟು ಕಡಿಮೆ ಅನ್ನುವುದು ಫ್ರೇಮ್ ಎಷ್ಟು ಉದ್ದ ಅನ್ನುವುದರ ಮೇಲೆ ನಿಂತಿದೆ. ಸೆಕೆಂಡಿಗೆ 60 ಫ್ರೇಮ್ ಇದ್ದರೆ ಗರಿಷ್ಠ ಎತ್ತರ ಸುಮಾರು 4.917 ಮೀಟರ್. 30 ಫ್ರೇಮ್ ಇದ್ದರೆ 4.833. ನಿಮ್ಮ ಮಾದರಿ ಲೆವೆಲ್‌ನ ಮೂರನೇ ಕಟ್ಟೆ 4.9 ಮೀಟರ್‌ನಲ್ಲಿದೆ. 60ರಲ್ಲಿ ಆಡಿ ರೆಕಾರ್ಡ್ ಮಾಡಿದವನು ಕಟ್ಟೆ ಹತ್ತುತ್ತಾನೆ. ಅದನ್ನೇ 30ರಲ್ಲಿ ರಿಪ್ಲೇ ಮಾಡಿದರೆ ಕಟ್ಟೆಗೆ ತಲೆ ಹೊಡೆದುಕೊಂಡು ಕೆಳಗೆ ಬೀಳುತ್ತಾನೆ. ಬಟನ್ ಅದೇ, ಕೈ ಅದೇ, ಫಲಿತಾಂಶ ಬೇರೆ.

ಎರಡೂ ಕಡೆ 60 ಇದ್ದರೂ ನೆಮ್ಮದಿಯಿಲ್ಲ. ನಿಜವಾದ ಫ್ರೇಮ್ 16.4 ಮಿಲಿಸೆಕೆಂಡ್ ಇರುತ್ತದೆ, 17.1 ಇರುತ್ತದೆ, ಒಮ್ಮೊಮ್ಮೆ 33ಕ್ಕೂ ಹೋಗುತ್ತದೆ. ನೀವು ಬಟನ್ ಒತ್ತಿದ ಗಳಿಗೆಯನ್ನು ಮಿಲಿಸೆಕೆಂಡ್‌ನಲ್ಲಿ ಬರೆದಿಡುತ್ತೀರಿ, ರಿಪ್ಲೇಯಲ್ಲಿ ಅದರ ನಂತರ ಸಿಗುವ ಮೊದಲ ಫ್ರೇಮ್‌ನಲ್ಲಿ ಜಿಗಿಸುತ್ತೀರಿ. ಒಂದು ಫ್ರೇಮ್ ತಡವಾದರೆ ಸೆಕೆಂಡಿಗೆ 8 ಮೀಟರ್ ಓಡುವವನು 13 ಸೆಂಟಿಮೀಟರ್ ಮುಂದೆ ಹೋಗಿ ಜಿಗಿಯುತ್ತಾನೆ. ಕಟ್ಟೆಯ ಅಂಚಿನಲ್ಲಿ ಅಷ್ಟು ಸಾಕು.

ಈಗ ನಿಮ್ಮ ಸಪೋರ್ಟ್ ವಿಭಾಗದ ಆ ವಿಡಿಯೋ ಕಾಲ್. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಮೇಲಿನವರಿಗೆ ಗೊತ್ತಿರಲಿ.

ನನ್ನ ತಂಡದವರೂ ಕಾಲ್‌ನಲ್ಲಿದ್ದರು. ಮೇಲಿನ ನಾಲ್ಕು ಸಾಲನ್ನು ಸ್ಕ್ರೀನ್ ಮೇಲೆ ತೋರಿಸಿ ಮಾತು ಶುರು ಮಾಡಿದೆ. ನಿಮ್ಮವರು, "ಕೋಡ್ ಆಮೇಲೆ ನೋಡೋಣ ಸರ್, ಮೊದಲು ಆಟ ಮುಚ್ಚಿ ತೆಗೀರಿ" ಅಂದರು. ಮುಚ್ಚಿ ತೆಗೆದೆ. ಘೋಸ್ಟ್ ಬಿತ್ತು. "ಗ್ರಾಫಿಕ್ಸ್ ಡ್ರೈವರ್ ಹಳೇದಿರಬೇಕು." ಹೊಸದೇ ಇತ್ತು, ತೋರಿಸಿದೆ. "ಹಾಗಾದ್ರೆ ಕೀಬೋರ್ಡ್ ಬದಲಾಯಿಸಿ ನೋಡಿ ಸರ್."

ರಿಪ್ಲೇ ನಡೆಯುವಾಗ ಇನ್‌ಪುಟ್ ಬರುವುದು ಫೈಲ್‌ನಿಂದ, ಕೀಬೋರ್ಡ್‌ಗೆ ಅಲ್ಲಿ ಕೆಲಸವೇ ಇಲ್ಲ ಅಂತ ಹೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, "ಆದ್ರೂ ಒಂದ್ಸಲ ನೋಡಿಬಿಡಿ ಸರ್." ಕೀಬೋರ್ಡ್ ವೈರ್ ಕಿತ್ತು, ಕ್ಯಾಮೆರಾ ಮುಂದೆ ಎತ್ತಿ ಹಿಡಿದೆ. ನನ್ನ ವಯಸ್ಸಿಗೆ ಇದು ಶೋಭೆಯಲ್ಲ ಅಂತ ಗೊತ್ತಿದ್ದೂ ಹಿಡಿದೆ. ಕೀಬೋರ್ಡ್ ಇಲ್ಲದೆಯೇ ಘೋಸ್ಟ್ ಓಡಿತು, ಜಿಗಿಯಿತು, ಹಳ್ಳಕ್ಕೆ ಬಿತ್ತು.

ಆಗ ಬಂದ ಪ್ರಶ್ನೆ: "ರೆಕಾರ್ಡ್ ಮಾಡಿದಾಗ ಆಡಿದ್ದು ನೀವೇ ತಾನೇ ಸರ್?" ಹೌದು ಅಂದೆ. "ಆಡುವಾಗ ಎಲ್ಲಾ ನೆನಪಿರಲ್ಲ ಅಲ್ವಾ. ಆವತ್ತೂ ಬಿದ್ದಿರಬಹುದು."

ಗುರಿ ಮುಟ್ಟಿದ ಸಮಯ ಅದೇ ಫೈಲ್‌ನ ತಲೆಯಲ್ಲಿ ಇದೆ ಸ್ವಾಮಿ. ಬಿದ್ದು ಸತ್ತವನಿಗೆ ಆ ಸಮಯ ಬರೆದುಕೊಟ್ಟವರು ಯಾರು? ಇದನ್ನು ಕೇಳಿದ್ದಕ್ಕೆ ನನ್ನನ್ನು ಹೋಲ್ಡ್‌ನಲ್ಲಿಟ್ಟು ಹಿರಿಯರೊಬ್ಬರನ್ನು ಕರೆದರು. ಹಿರಿಯರು ಬಂದವರೇ, "ರ್ಯಾಂಡಮ್ ಇಲ್ದಿದ್ರೆ ಆಟ ಬೋರ್ ಆಗುತ್ತೆ ಸರ್" ಅಂದರು. ನಾನು ರ್ಯಾಂಡಮ್ ಬೇಡ ಅಂದಿರಲಿಲ್ಲ, ಸೀಡ್ ಬರೆದಿಡಿ ಅಂದಿದ್ದೆ. ಅವರು ತಮ್ಮ ಯಂತ್ರದಲ್ಲಿ ಒಂದು ರಿಪ್ಲೇ ಓಡಿಸಿ, "ನೋಡಿ, ನಮ್ಮಲ್ಲಿ ಸರಿಯಾಗಿದೆ" ಅಂದರು. ಆ ಲೆವೆಲ್‌ನಲ್ಲಿ ಶತ್ರುವೂ ಇರಲಿಲ್ಲ, ಕಟ್ಟೆಯೂ ಇರಲಿಲ್ಲ. ಬಯಲಿನಲ್ಲಿ ಒಬ್ಬ ಬಲಕ್ಕೆ ಓಡುತ್ತಿದ್ದ. ಅಭಿನಂದನೆಗಳು.

ಆಮೇಲೆ ಬಂದ ನಿಮ್ಮ ಪ್ಯಾಚ್ ಏನು ಮಾಡುತ್ತದೆ ಅಂತ ನಿಮಗೂ ಗೊತ್ತು. ಸೆಕೆಂಡಿಗೊಮ್ಮೆ ಆಟಗಾರನ ಸ್ಥಾನ ಬರೆದಿಟ್ಟು, ರಿಪ್ಲೇಯಲ್ಲಿ ಅವನನ್ನು ಎಳೆದು ತಂದು ಅಲ್ಲಿ ನಿಲ್ಲಿಸುತ್ತದೆ. ಈಗ ಘೋಸ್ಟ್ ಹಳ್ಳಕ್ಕೆ ಬೀಳುತ್ತಾ ಅರ್ಧದಲ್ಲಿ ಮಾಯವಾಗಿ ಕಟ್ಟೆ ಮೇಲೆ ಪ್ರತ್ಯಕ್ಷವಾಗುತ್ತದೆ. ಶತ್ರುಗಳನ್ನೂ ಕಲ್ಲುಗಳನ್ನೂ ನೀವು ಬರೆದಿಡುವುದಿಲ್ಲ, ಹಾಗಾಗಿ ಅವನಿಗೆ ಅವತ್ತು ಬೀಳದ ಕಲ್ಲು ಇವತ್ತು ಬೀಳುತ್ತದೆ. ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ನೀವು ನೋಡದ ಕೋಡನ್ನು ನಾವೇ ನೋಡಿದೆವು. ಮೊದಲು ಆಟದ ಲೆಕ್ಕವನ್ನೆಲ್ಲ ಸೆಕೆಂಡಿನ 60ನೇ ಒಂದು ಭಾಗದ ಸ್ಥಿರ ಟಿಕ್‌ಗೆ ಕಟ್ಟಿ ಹಾಕಿದೆವು. ಕಳೆದ ಸಮಯ ಒಂದು ಕಡೆ ಕೂಡುತ್ತಾ ಹೋಗುತ್ತದೆ, ಒಂದು ಟಿಕ್‌ನಷ್ಟು ಆದಾಗಲೆಲ್ಲ ಆಟ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಟನ್ ದಾಖಲೆ ಮಿಲಿಸೆಕೆಂಡ್ ಬದಲು ಟಿಕ್ ಸಂಖ್ಯೆಯ ಜೊತೆ ಇರುತ್ತದೆ. ಪ್ರತಿ ಟಿಕ್‌ನ ಕೊನೆಯಲ್ಲಿ ಎಲ್ಲರ ಸ್ಥಾನ, ವೇಗ, ಕಲ್ಲುಗಳ ಹ್ಯಾಶ್ ತೆಗೆದು ಲಾಗ್‌ಗೆ ಬರೆದೆವು. A ಅಂದರೆ ರೆಕಾರ್ಡಿಂಗ್, B ಅಂದರೆ ರಿಪ್ಲೇ:

```
tick 2310  A 7f3c91e0  B 7f3c91e0
tick 2311  A 1b0e44d7  B c95a02f6
```

38 ಸೆಕೆಂಡ್ ದಾಟುವವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೂರನೇ ಕಟ್ಟೆಯನ್ನು ಇಬ್ಬರೂ ಹತ್ತುತ್ತಾರೆ. 2311ರಲ್ಲಿ ಏನಾಯ್ತು? ಮೊದಲ ಶತ್ರು A ಓಟದಲ್ಲಿ ಕಲ್ಲೆಸೆದ, B ಓಟದಲ್ಲಿ ಸುಮ್ನೆ ನಿಂತ. ನಿಮ್ಮ `random()` ಪ್ರತಿ ಸಲ ಆಟ ಶುರುವಾದಾಗ ಗಡಿಯಾರ ನೋಡಿ ಹೊಸ ಸೀಡ್ ತೆಗೆದುಕೊಳ್ಳುತ್ತದೆ.

ಸೀಡ್ ಅನ್ನು ರಿಪ್ಲೇ ಫೈಲ್‌ಗೆ ಸೇರಿಸಿದೆವು. ಆದರೂ ಒಂದು ಮಾನಿಟರ್‌ನಲ್ಲಿ ರೆಕಾರ್ಡ್ ಮಾಡಿ ಇನ್ನೊಂದರಲ್ಲಿ ನೋಡಿದರೆ ಅದೇ ಕಲ್ಲಿನ ಹತ್ತಿರ ತಪ್ಪಿತು. ಕಾರಣ ಓಡುವಾಗ ಕಾಲಡಿ ಏಳುವ ಧೂಳು! ಧೂಳಿನ ಕಣ ಯಾವ ಕಡೆ ಹಾರಬೇಕು ಅಂತ ಪರದೆಯ ಪ್ರತಿ ಫ್ರೇಮ್‌ಗೂ ಅದೇ `random()` ಕರೆಯುತ್ತೀರಿ. 144 ಹರ್ಟ್ಜ್ ಮಾನಿಟರ್‌ನಲ್ಲಿ ಧೂಳು ಜಾಸ್ತಿ ಸಂಖ್ಯೆ ತಿನ್ನುತ್ತದೆ, 60ರಲ್ಲಿ ಕಡಿಮೆ. ಶತ್ರುವಿನ ಸರದಿ ಬರುವಷ್ಟರಲ್ಲಿ ಅವನ ಪಾಲಿಗೆ ಬೇರೆ ಸಂಖ್ಯೆ ಉಳಿದಿರುತ್ತದೆ. ಸೀಡ್ ಒಂದೇ ಇದ್ದರೆ ಸಾಲದು, ಎಷ್ಟು ಸಲ ಕೇಳಿದರು ಅನ್ನುವುದೂ ಒಂದೇ ಇರಬೇಕು.

ಇದೇನು ಹೊಸ ವಿದ್ಯೆಯಲ್ಲ. 1993ರ ಡೂಮ್ ಆಟ ಸೆಕೆಂಡಿಗೆ 35 ಸ್ಥಿರ ಟಿಕ್‌ನಲ್ಲಿ ನಡೆಯುತ್ತಿತ್ತು. ಅದರ ರ್ಯಾಂಡಮ್ ಅಂದರೆ 256 ಸಂಖ್ಯೆಗಳ ಒಂದು ಕೋಷ್ಟಕ. ಆಟದ ಲೆಕ್ಕಕ್ಕೆ `P_Random`, ಆಟದ ಫಲಿತಾಂಶಕ್ಕೆ ಸಂಬಂಧವಿಲ್ಲದ್ದಕ್ಕೆ `M_Random` ಅಂತ ಕೋಷ್ಟಕದ ಮೇಲೆ ಎರಡು ಬೇರೆ ಬೇರೆ ಬೆರಳು. ನಾವೂ ಧೂಳಿಗೆ ಬೇರೆ ರ್ಯಾಂಡಮ್ ಕೊಟ್ಟೆವು. ಅಲ್ಲಿಂದ ಮುಂದೆ ಲೆವೆಲ್‌ನ ಕೊನೆಯ ಟಿಕ್‌ವರೆಗೂ ಹ್ಯಾಶ್ ಹೊಂದಿತು, ಎರಡೂ ಮಾನಿಟರ್‌ಗಳಲ್ಲಿ.

ನಾನು ಕೇಳುತ್ತಿರುವುದು ಅದೇ ಬಿಲ್ಡ್, ಒಂದೇ ಬಗೆಯ ಯಂತ್ರಗಳಲ್ಲಿ ಸರಿಯಾಗಿ ನಡೆಯುವ ರಿಪ್ಲೇ. ಬೇರೆ ಪ್ರೊಸೆಸರ್, ಬೇರೆ ಕಂಪೈಲರ್ ಅಂದಾಗ ದಶಾಂಶ ಲೆಕ್ಕದ ಕೊನೆಯ ಅಂಕಿಗಳು ಬದಲಾಗಬಹುದು, ಅದು ಬೇರೆಯದೇ ತಲೆನೋವು. ಅದನ್ನು ಮುಂದಿಟ್ಟು ಇದರಿಂದ ತಪ್ಪಿಸಿಕೊಳ್ಳಬೇಡಿ.

ಟಿಕೆಟ್ ಮತ್ತೆ ತೆರೆಯಿರಿ, ಮೂರೂ ತಿದ್ದುಪಡಿ ಅಧಿಕೃತವಾಗಿ ಬಿಡುಗಡೆ ಮಾಡಿ, ಇಲ್ಲವೇ ಪೂರ್ತಿ ಹಣ ವಾಪಸ್ ಕೊಡಿ. ಲೈಸೆನ್ಸ್ ನವೀಕರಣ ನಾನಾಗಲೇ ನಿಲ್ಲಿಸಿದ್ದೇನೆ. ಈ ವಾರದೊಳಗೆ ಉತ್ತರ ಬರದಿದ್ದರೆ ಮುಂದಿನ ಪತ್ರ ನಮ್ಮ ವಕೀಲರಿಂದ ಬರುತ್ತದೆ. ಅಷ್ಟರಲ್ಲಿ ನಿಮ್ಮ ಕಿಟ್ ಮಾರಾಟವಾಗುವ ಪ್ರತಿಯೊಂದು ಪುಟದ ಕೆಳಗೂ ನಿಮ್ಮ ನಿಯಮಗಳ ಅಧ್ಯಾಯ, ಅದರ ಪಕ್ಕದಲ್ಲಿ ನಿಮ್ಮ ಶತ್ರುವಿನ ಕೋಡ್, ನಮ್ಮ ಹ್ಯಾಶ್ ಲಾಗ್, ಮತ್ತು ಘೋಸ್ಟ್ ಹಳ್ಳಕ್ಕೆ ಬೀಳುವ ವಿಡಿಯೋ ಹಾಕುತ್ತೇನೆ. ಆ ವಿಡಿಯೋ ನಿಮ್ಮ ಕಿಟ್‌ನಲ್ಲಿ ಮಾಡಿದ್ದಲ್ಲ, ಸ್ಕ್ರೀನ್ ರೆಕಾರ್ಡಿಂಗ್. ಎಷ್ಟು ಜನ, ಎಷ್ಟು ಸಲ ನೋಡಿದರೂ ಒಂದೇ ಥರ ಓಡುತ್ತದೆ.

ಇತಿ,
ಹಣ ಕೊಟ್ಟು ನಿಮ್ಮ ಕಿಟ್ ಕೊಂಡ ಗ್ರಾಹಕ

ಲಗತ್ತು: ಹ್ಯಾಶ್ ಲಾಗ್, ತಿದ್ದಿದ ಕೋಡ್, ಕೀಬೋರ್ಡ್ ಎತ್ತಿ ಹಿಡಿದ ಕಾಲ್‌ನ ರೆಕಾರ್ಡಿಂಗ್