ನೆಂದ ರಿಜಿಸ್ಟರ್‌ನ ಕತೆ

ಗೆಳೆಯಾ,

ಫೋನ್ ಎತ್ತಲಿಲ್ಲ ಅಂತ ಬೈಕೊಂಡಿರ್ತೀಯ. ಪಾವಗಡದ ಕಡೆ ಮಳೆ ಅಂದ್ರೆ ನೀನು ನಗ್ತೀಯ. ಆದರೆ ಈ ಸಲ ಅಕ್ಟೋಬರ್‌ನಲ್ಲಿ ಒಂದೇ ರಾತ್ರಿ ಸುರಿದು, ನಮ್ಮ ಆರೋಗ್ಯ ಉಪಕೇಂದ್ರದ ಬೀರು ಮೇಲೇ ಸೋರಿತು. ಒಳಗಿದ್ದ ಗರ್ಭಿಣಿಯರ ರಿಜಿಸ್ಟರ್ ಒದ್ದೆ ಮುದ್ದೆ.

ಒದ್ದೆ ಹಾಳೆಗಳನ್ನು ಎಳೆದು ಬಿಡಿಸಲು ಹೋಗಲಿಲ್ಲ, ಹರಿಯುತ್ತವೆ. ಬಿಡಿಸಲು ಬಂದ ಕಡೆ ಹಳೇ ಹತ್ತಿ ಸೀರೆಯ ತುಂಡು ಇಟ್ಟು, ಫ್ಯಾನ್ ಕೆಳಗೆ ನೆರಳಲ್ಲಿ ಎರಡು ದಿನ ಒಣಗಿಸಿದೆ. ಬಾಲ್ ಪೆನ್ನಲ್ಲಿ ಬರೆದದ್ದು ಹಾಗೇ ಇತ್ತು. ಯಾರೋ ಪುಕ್ಕಟೆ ಕೊಟ್ಟಿದ್ದ ಜೆಲ್ ಪೆನ್ನಲ್ಲಿ ಬರೆದದ್ದೆಲ್ಲ ನೀಲಿ ಕಲೆ. ಅದರಲ್ಲಿ ಬರೆದವಳು ನಾನೇ.

ತುಂಬಾ ಕಾಡಿದ್ದು ಎರಡು ಸಾಲು. ಒಂದೇ ಊರಿನ ಇಬ್ಬರು, ಇಬ್ಬರದೂ ಒಂದೇ ಹೆಸರು. ಗಂಡನ ಹೆಸರಿದ್ದ ಅಂಚು ಕರಗಿ ಹೋಗಿತ್ತು. ಹೆರಿಗೆ ದಿನ ಮಾತ್ರ ಉಳಿದಿತ್ತು: ಒಬ್ಬರದು ನವೆಂಬರ್ 19, ಇನ್ನೊಬ್ಬರದು 26. ಎಚ್‌ಬಿ, ಅಂದ್ರೆ ರಕ್ತದ ಹಿಮೋಗ್ಲೋಬಿನ್ ಕಾಲಂ, ಇಬ್ಬರದೂ ಅಳಿಸಿ ಹೋಗಿತ್ತು. ಕೆಳಗಿನ ಹಾಳೆ ಅಷ್ಟಾಗಿ ನೆಂದಿರಲಿಲ್ಲ. ಕತ್ತಲೆ ಮಾಡಿ, ಟಾರ್ಚನ್ನು ಹಾಳೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟೆ. ಪೆನ್ನು ಒತ್ತಿದ ಗೆರೆ ಕಂಡಿತು. 19ರ ಸಾಲಿನಲ್ಲಿ 6.8.

ಎದೆ ಧಸಕ್ಕೆಂದಿತು. 7ಕ್ಕಿಂತ ಕಡಿಮೆ ಅಂದ್ರೆ ತೀವ್ರ ರಕ್ತಹೀನತೆ, ಮಾತ್ರೆ ಕೊಟ್ಟು ಮನೆಗೆ ಕಳಿಸುವ ಹಾಗಿಲ್ಲ. ಆದರೆ ಇಬ್ಬರಲ್ಲಿ ಯಾರದು?

ಒಬ್ಬಳು ಬಾಣಂತನಕ್ಕೆ ಮಧುಗಿರಿಯ ತವರಿಗೆ ಹೋಗಿದ್ದಳು. ಫೋನ್ ಮಾಡಿದೆ, ತಾಯಿ ಕಾರ್ಡಿನ ಫೋಟೊ ವಾಟ್ಸಾಪಲ್ಲಿ ಕಳಿಸಿದಳು. ಕೊನೆಯ ಮುಟ್ಟು ಫೆಬ್ರುವರಿ 19. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ನವೆಂಬರ್ 26. ಅವಳ ಎಚ್‌ಬಿ 10.4 ಅಂತ ಕಾರ್ಡಲ್ಲೇ ಇತ್ತು. ಹಾಗಾದರೆ 6.8 ಊರಲ್ಲಿದ್ದವಳದು. ಪರೀಕ್ಷೆ ದಿನ ಅವಳು ಕಾರ್ಡ್ ತಂದಿರಲಿಲ್ಲ, 'ಆಮೇಲೆ ಬರೀತೀನಿ' ಅಂದಿದ್ದೆ. ಬರೆಯಲೂ ಇಲ್ಲ, ಮುಂದಕ್ಕೆ ಕಳಿಸಲೂ ಇಲ್ಲ.

ಆಶಾ ಅಕ್ಕನನ್ನು ಕರೆದುಕೊಂಡು ಹೋದರೆ ಮನೆಗೆ ಬೀಗ. ಹೊಲದಲ್ಲಿ ಸಿಕ್ಕಳು, ಎಂಟು ತಿಂಗಳ ಹೊಟ್ಟೆ ಹೊತ್ತು ಕಡ್ಲೆಕಾಯಿ ಕೀಳ್ತಾ ಇದ್ದಳು. ಕಣ್ಣ ಕೆಳರೆಪ್ಪೆ ಬಿಡಿಸಿ ನೋಡಿದೆ, ಸುಣ್ಣದ ಹಾಗೆ ಬಿಳಿ. ಗೆರೆ ನೋಡಿ ಓದಿದ ಅಂಕಿಯನ್ನೇ ನಂಬಬಾರದು ಅಂತ ಅಲ್ಲೇ ಬದುವಿನ ಮೇಲೆ ಬೆರಳು ಚುಚ್ಚಿ ಮತ್ತೆ ನೋಡಿದೆ. 6.6. 'ಸಿಸ್ಟರ್, ಸುಸ್ತು ಅಷ್ಟೇ, ಕೂಲಿ ಇನ್ನೆರಡು ದಿನ ಇದೆ' ಅಂದಳು. ಅವಳ ಅತ್ತೆಯನ್ನು ಒಪ್ಪಿಸಲು ಒಂದು ಗಂಟೆ ಹಿಡೀತು. ಸಂಜೆ ಆಂಬುಲೆನ್ಸಲ್ಲಿ ಆಸ್ಪತ್ರೆಗೆ ಕಳಿಸಿದೆವು, ರಕ್ತ ಹಾಕಿದರು.

ಉಳಿದ ಸಾಲುಗಳನ್ನು ಕಾರ್ಡು, ಆಶಾ ಅಕ್ಕನ ಡೈರಿ ನೋಡಿ ಹೊಸ ರಿಜಿಸ್ಟರಿಗೆ ಇಳಿಸ್ತಾ ಇದ್ದೀನಿ. ಒಂಬತ್ತು ಜನರ ಬಿಪಿ ಎಲ್ಲೂ ಸಿಗಲಿಲ್ಲ. 110/70 ಅಂತ ಬರೆದುಬಿಟ್ಟರೆ ಯಾರೂ ಕೇಳಲ್ಲ, ಗೊತ್ತು. ಕೆಂಪು ಪೆನ್ನಲ್ಲಿ 'ಮಳೆಗೆ ಅಳಿಸಿದೆ' ಅಂತ ಬರೆದು ಡಾಕ್ಟರ ಸಹಿ ಹಾಕಿಸಿಕೊಂಡೆ.

ಬರುವಾಗ ಬಾಲ್ ಪೆನ್ ಒಂದು ಡಬ್ಬಿ ತಗೊಂಡು ಬಾ.

ನಿನ್ನ ಗೆಳತಿ